ಗದ್ದೆಗೆ ಬಿದ್ದ ಫೋನು, 12ನೇ ದಿನ ಕೈಕೊಟ್ಟ ಚಾರ್ಜು

ಜುಲೈ ಕೊನೆ ವಾರ, ಸುಂಟಿಕೊಪ್ಪದ ಹತ್ತಿರ ನಮ್ಮ ಗದ್ದೆಯಲ್ಲಿ ನಾಟಿ ನಡೀತಿತ್ತು. ಅಗೆ ಕಟ್ಟು ಹೊತ್ತು ಬದುವಿನ ಮೇಲೆ ಬರುವಾಗ ಕಾಲು ಜಾರಿ ಹಾಗೇ ಕೆಸರಲ್ಲಿ ಕೂತುಬಿಟ್ಟೆ. ಪ್ಯಾಂಟ್ ಜೇಬಲ್ಲಿ ಫೋನಿತ್ತು. ನಗುವವರೆಲ್ಲ ನಕ್ಕು ಮುಗಿಸಿ, ನಾನು ಎದ್ದು ಫೋನ್ ಹೊರಗೆ ತೆಗೆಯುವಷ್ಟರಲ್ಲಿ ಒಂದು ನಿಮಿಷವಾದರೂ ಆಗಿರಬೇಕು. ಒರೆಸಿ ನೋಡಿದರೆ ಸ್ಕ್ರೀನ್ ಉರೀತಿತ್ತು, ಕಾಲ್ ಹೋಗ್ತಿತ್ತು. ಸದ್ಯ ಉಳೀತು ಅಂದುಕೊಂಡೆ.

ಫೋನ್ ಹಾಳು ಮಾಡಿದ್ದು ಗದ್ದೆಯಲ್ಲ, ನಾನೇ. ಅದೂ ಅವತ್ತು ಸಂಜೆ.

ಎರಡು ದಿನದಿಂದ ಕರೆಂಟ್ ಇರಲಿಲ್ಲ. ಮಳೆಗಾಲದ ಕೊಡಗಲ್ಲಿ ಇದೇನು ಹೊಸದಲ್ಲ, ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದಿರುತ್ತೆ. ಇನ್ವರ್ಟರ್ ಕೂಡ ಮಲಗಿತ್ತು. ಸಂಜೆ ಏಳಕ್ಕೆ ಕರೆಂಟ್ ಬಂದಾಗ ಫೋನಲ್ಲಿ 9% ಇತ್ತು. ಮತ್ತೆ ಯಾವಾಗ ಹೋಗುತ್ತೋ ಅಂತ ಮನೆಯವರೆಲ್ಲ ಚಾರ್ಜರ್‌ಗೆ ಮುಗಿಬಿದ್ದರು, ನಾನೂ ಹಾಕಿದೆ. ಪರದೆ ಮೇಲೆ ನೀರಿನ ಹನಿಯ ಚಿತ್ರ ಬಂತು, ಪೋರ್ಟ್ ಒದ್ದೆಯಿದೆ, ವೈರ್ ತೆಗೆಯಿರಿ ಅಂತ. ತೆಗೆದೆ, ಊದಿದೆ, ಮತ್ತೆ ಹಾಕಿದೆ. ಮತ್ತೆ ಹನಿ. ಹೀಗೆ ಐದಾರು ಸಲ ಆಯ್ತು. ಕೊನೆಗೊಮ್ಮೆ ಹನಿ ಬರಲಿಲ್ಲ, ಚಾರ್ಜ್ ಶುರುವಾಯಿತು. ಗೆದ್ದೆ ಅಂತ ಊಟಕ್ಕೆ ಹೋದೆ.

ಆಗ ಒಳಗೆ ಏನಾಗ್ತಿತ್ತು ಅಂತ ಆಮೇಲೆ ತಿಳಿಯಿತು. ಟೈಪ್ ಸಿ ಪೋರ್ಟ್ ಒಳಗೆ ನಾಲಿಗೆಯಂಥ ಒಂದು ಪಟ್ಟಿ ಇರುತ್ತೆ, ಅದರ ಎರಡೂ ಬದಿಗೆ 12ರಂತೆ ಒಟ್ಟು 24 ಪಿನ್. ಒಂದು ಪಿನ್‌ನಿಂದ ಇನ್ನೊಂದಕ್ಕೆ ಅರ್ಧ ಮಿಲಿಮೀಟರ್ ಅಂತರ. ಕೆಲವದರಲ್ಲಿ 5 ವೋಲ್ಟ್ ಬರುತ್ತೆ, ಅಲ್ಲೇ ಹತ್ತಿರ ಆ ಕರೆಂಟ್ ವಾಪಸ್ ಹೋಗುವ ಗ್ರೌಂಡ್ ಪಿನ್‌ಗಳಿರುತ್ತವೆ. ನಡುವೆ ಗದ್ದೆ ನೀರು, ಅಂದರೆ ಮಣ್ಣು, ಗೊಬ್ಬರದ ಉಪ್ಪು ಎಲ್ಲ ಸೇರಿದ ನೀರು. ಈ ಸ್ಥಿತಿಯಲ್ಲಿ ಕರೆಂಟ್ ಹರಿದರೆ ಪಾಸಿಟಿವ್ ಕಡೆಯ ಲೋಹ ಕರಗಿ ನೀರಿಗೆ ಸೇರುತ್ತೆ. ಪಿನ್ ಮೇಲಿನ ಚಿನ್ನದ ಲೇಪ ತುಂಬಾ ತೆಳು, ಅದರಲ್ಲೊಂದು ಸಣ್ಣ ತೂತಿದ್ದರೂ ಸಾಕು, ಕೆಳಗಿನ ನಿಕ್ಕಲ್ ಮತ್ತು ತಾಮ್ರ ಹೋಗುತ್ತವೆ. ಕರೆಂಟ್ ಇಲ್ಲದೆ ದಿನಗಟ್ಟಲೆ ಹಿಡಿಯುವ ಕೆಲಸ ಕರೆಂಟ್ ಇದ್ದರೆ ನಿಮಿಷಗಳಲ್ಲಿ ಮುಗಿಯುತ್ತೆ. ನನ್ನದು ಒಂದು ತುದಿ ಅಗಲದ ಯುಎಸ್‌ಬಿ ಇರುವ ಹಳೇ ವೈರ್. ಅಂಥ ವೈರ್‌ನಲ್ಲಿ ಚಾರ್ಜರ್ ಆನ್ ಇದ್ದರೆ ತುದಿಗೆ ಸದಾ 5 ವೋಲ್ಟ್ ಇದ್ದೇ ಇರುತ್ತೆ. ಫೋನ್ ಚಾರ್ಜ್ ತಗೊಳ್ಳಲ್ಲ ಅಂದರೂ ಪಿನ್‌ಗೆ ವೋಲ್ಟೇಜ್ ಮುಟ್ಟಿಯೇ ಇರುತ್ತೆ. ಐದಾರು ಸಲ ಹಾಕಿ ತೆಗೆದೆನಲ್ಲ, ಅಷ್ಟೂ ಸಲ ಪಿನ್ ತಿನ್ನಿಸಿದ್ದೇ ನಾನು.

ಅಂದಹಾಗೆ, ವಾಟರ್‌ಪ್ರೂಫ್ ಫೋನ್ ಅಂದರೆ ಈ ತೊಂದರೆ ಇಲ್ಲ ಅನ್ನುವವರಿದ್ದಾರೆ. ಆ ರಬ್ಬರು, ಗಮ್ಮು ಎಲ್ಲ ಇರುವುದು ನೀರು ಫೋನಿನ ಒಳಕ್ಕೆ ಹೋಗದ ಹಾಗೆ. ಪೋರ್ಟಿನ ಪಿನ್‌ಗಳು ಎಂಥ ಫೋನಲ್ಲೂ ಹೊರಗೆ ಬೆತ್ತಲೆಯೇ.

ಮರುದಿನ ಅಮ್ಮ ಅಕ್ಕಿ ಡ್ರಮ್ ತೋರಿಸಿದರು. ನಾನೂ ಹೂತಿಟ್ಟೆ, ಸುಳ್ಳು ಯಾಕೆ ಹೇಳಲಿ. ಆದರೆ ಯೋಚನೆ ಮಾಡಿ, ಜುಲೈ ತಿಂಗಳಲ್ಲಿ ನಮ್ಮ ಮನೆ ಅಕ್ಕಿಯೇ ಮುಗ್ಗಲು ವಾಸನೆ ಹೊಡೀತಿರುತ್ತೆ, ಅದು ಫೋನಿನ ನೀರು ಎಲ್ಲಿಂದ ಹೀರಬೇಕು? ಆಪಲ್ ಕಂಪನಿಯೂ ಐಫೋನ್ ಅಕ್ಕಿಯಲ್ಲಿ ಹಾಕಬೇಡಿ, ಸಣ್ಣ ಕಣಗಳು ಒಳಗೆ ಸೇರಿ ಹಾಳಾಗಬಹುದು ಅಂತಲೇ ಹೇಳುತ್ತೆ. ನನ್ನ ಪೋರ್ಟಿಂದ ಆಮೇಲೆ ಒಂದು ನುಚ್ಚಿನ ಕಾಳು ಸಿಕ್ಕಿತು. ಅಕ್ಕಿಯ ನಂತರ ಒಲೆ ಮೇಲಿನ ಅಟ್ಟದ ಸಲಹೆ ಬಂತು, ಬಟ್ಟೆ ಒಣಗಿಸುವ ಜಾಗ. ಅದನ್ನು ಮಾತ್ರ ಕೇಳಲಿಲ್ಲ. ಲಿಥಿಯಂ ಬ್ಯಾಟರಿಗೆ ಆ ಬಿಸಿ ಆಗಲ್ಲ, ಹಿಂಬದಿ ಮುಚ್ಚಳದ ಗಮ್ಮೂ ಮೆತ್ತಗಾಗುತ್ತೆ. ಹೇರ್ ಡ್ರೈಯರ್ ಕೂಡ ಇದೇ ಸಾಲಿಗೆ ಸೇರಿದ್ದು. ಮೇಲಾಗಿ ಅದರ ಗಾಳಿ ಹೊರಗಿನ ನೀರನ್ನು ಒಳಕ್ಕೆ ತಳ್ಳುತ್ತೆ.

ಆಮೇಲೆ ಫೋನ್ ಚೆನ್ನಾಗೇ ಇತ್ತು. ಒಂದು ವಾರ, ಹತ್ತು ದಿನ. ಮರೆತೇಬಿಟ್ಟೆ. 12ನೇ ದಿನ ಬೆಳಿಗ್ಗೆ ನೋಡಿದರೆ ರಾತ್ರಿಯಿಡೀ ಚಾರ್ಜಿಗಿಟ್ಟ ಫೋನು 31% ತೋರಿಸ್ತಿದೆ. ಅದಾದ ಎರಡು ದಿನಕ್ಕೆ ಚಾರ್ಜ್ ಹೆಚ್ಚುಕಮ್ಮಿ ನಿಂತೇ ಹೋಯಿತು. ಕೆಲವೊಮ್ಮೆ ಎಲ್ಲ ಒಣಗಿದ್ದರೂ ಆ ಹನಿಯ ಚಿತ್ರ ಬರ್ತಿತ್ತು.

ಒಣಗಿದ ಮೇಲೆ ಯಾಕೆ ಕೆಟ್ಟಿತು? ಆವಿಯಾಗಿ ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಉಪ್ಪು, ಮಣ್ಣು ಪಿನ್ ಮೇಲೇ ಕೂತಿರುತ್ತವೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತಾನಾಗೇ ನೀರು ಬಿಡುತ್ತಲ್ವಾ, ಹಾಗೇ ಇದೂ ಗಾಳಿಯ ತೇವ ಎಳೆದುಕೊಳ್ಳುತ್ತೆ. ಆ ತೆಳು ತೇವದಲ್ಲಿ ದಿನಾ ಚಾರ್ಜ್ ಹಾಕಿದಾಗಲೆಲ್ಲ ಲೋಹ ಸ್ವಲ್ಪ ಸ್ವಲ್ಪ ಹೋಗ್ತಾ ಇರುತ್ತೆ. ಆ ಉಪ್ಪಿನ ಮೂಲಕವೇ ಒಂಚೂರು ಕರೆಂಟ್ ಸೋರುವುದರಿಂದ ಫೋನಿಗೆ ಪೋರ್ಟ್ ಒದ್ದೆಯಿದ್ದ ಹಾಗೆ ಕಾಣುತ್ತೆ. ಹನಿ ಚಿತ್ರದ ಗುಟ್ಟು ಅದು.

ಬಿಚ್ಚುವ ಮೊದಲು ಹೊರಗಿಂದಲೇ ನೋಡಿದೆ. ಬೇರೆ ವೈರ್, ಬೇರೆ ಚಾರ್ಜರ್ ಹಾಕಿದರೂ ಅದೇ ಕತೆ. ವೈರನ್ನು ತಿರುಗಿಸಿ ಹಾಕಿದಾಗ ಒಂದು ವಿಷಯ ಗೊತ್ತಾಯಿತು, ಒಂದು ಬದಿಗೆ ಹಾಕಿದರೆ ನಿಧಾನವಾಗಿಯಾದರೂ ಚಾರ್ಜ್ ಶುರುವಾಗ್ತಿತ್ತು, ತಿರುಗಿಸಿದರೆ ಪೂರ್ತಿ ಸುಮ್ಮನೆ. ಟೈಪ್ ಸಿಯಲ್ಲಿ ಚಾರ್ಜರ್ ಬಂದಿದೆ ಅಂತ ಫೋನಿಗೆ ಹೇಳುವ ಸಿಸಿ ಅನ್ನುವ ಪಿನ್ ಎರಡಿವೆ, ಬದಿಗೊಂದರಂತೆ. ವೈರ್ ಯಾವ ಕಡೆಗಿದೆಯೋ ಅದಕ್ಕೆ ತಕ್ಕ ಹಾಗೆ ಒಂದು ಮಾತ್ರ ಕೆಲಸ ಮಾಡುತ್ತೆ. ಒಂದು ಕಡೆ ಆಗಿ ಇನ್ನೊಂದು ಕಡೆ ಆಗದಿದ್ದರೆ ವೈರಿನದ್ದೋ ಬ್ಯಾಟರಿಯದ್ದೋ ತಪ್ಪಲ್ಲ, ಪೋರ್ಟ್ ಮೇಲೇ ಅನುಮಾನ ಪಡಬೇಕು.

ನಿಧಾನದ ಕಾರಣ ಬೇರೆ. ಸುಂಟಿಕೊಪ್ಪದಲ್ಲಿ ಮೊಬೈಲ್ ರಿಪೇರಿ ಮಾಡುವ ಹುಡುಗನೊಬ್ಬ ಪರಿಚಯ, ಅವನ ಹತ್ತಿರ ಯುಎಸ್‌ಬಿ ಮೀಟರ್ ಇಸ್ಕೊಂಡು ಬಂದೆ. ಚಾರ್ಜರ್ ಮತ್ತು ವೈರ್ ನಡುವೆ ಸಿಕ್ಕಿಸಿದರೆ ಎಷ್ಟು ಕರೆಂಟ್ ಹೋಗ್ತಿದೆ ಅಂತ ತೋರಿಸುತ್ತೆ. ಹೆಂಡತಿಯ ಫೋನಿಗೆ 1.5 ಆಂಪಿಯರ್ ಹತ್ತಿರ ತೋರಿಸಿತು. ನನ್ನದಕ್ಕೆ 0.1.

“ಅಣ್ಣಾ, ಪಿನ್ ಹಾಕಿ ಕೆರೀಬೇಡಿ ಮಾತ್ರ,” ಅಂತ ಆ ಹುಡುಗ ಹೇಳಿ ಕಳಿಸಿದ್ದ. ಸೇಫ್ಟಿ ಪಿನ್ ಹಾಕಿ ಕೆರೆದರೆ ಉಳಿದ ಚಿನ್ನದ ಲೇಪವೂ ಹೋಗುತ್ತೆ, ಪಿನ್‌ಗೆ ಪಿನ್ ತಾಗಿದರೆ ಶಾರ್ಟ್ ಬೇರೆ. ಸ್ಯಾನಿಟೈಸರ್ ಕೂಡ ಬೇಡ ಅಂದ. ಅದರಲ್ಲಿ ನೀರಿರುತ್ತೆ, ಗ್ಲಿಸರಿನ್ ಇರುತ್ತೆ, ಆ ಅಂಟು ಅಲ್ಲೇ ಉಳಿಯುತ್ತೆ. ಬೇಕಾಗಿದ್ದು 99% ಐಸೊಪ್ರೊಪೈಲ್ ಆಲ್ಕೋಹಾಲ್, ರಿಪೇರಿಯವರು ಐಪಿಎ ಅನ್ನುವುದು. ಸಣ್ಣ ಬಾಟಲಿ ಅವನೇ ಕೊಟ್ಟ.

ಮುಚ್ಚಳ ತೆಗೆಯುವುದು ಹೇಗೆ ಅಂತ ಇಲ್ಲಿ ವಿವರಿಸಲ್ಲ, ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಎರಡು ಮಾತು ಹೇಳ್ತೀನಿ. ಬ್ಯಾಟರಿ ಊದಿದ ಹಾಗಿದ್ದರೆ ನೀವು ಕೈ ಹಾಕಲೇಬೇಡಿ. ತೆಗೆದ ಮೇಲೆ ಬೇರೇನನ್ನೂ ಮುಟ್ಟುವ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಬ್ಯಾಟರಿ ಜೋಡಿ ಇರುವಷ್ಟು ಹೊತ್ತೂ ಬೋರ್ಡಿನಲ್ಲಿ ಕರೆಂಟ್ ಇದೆ ಅಂತಲೇ ಲೆಕ್ಕ.

ಒಳಗೆ ನೀರು ತಾಗಿದ್ದನ್ನು ಹೇಳುವ ಬಿಳಿ ಸ್ಟಿಕರ್ ಕೆಂಪಗಾಗಿತ್ತು. ಕೆಳಗಿನ ಸಣ್ಣ ಚಾರ್ಜಿಂಗ್ ಬೋರ್ಡ್ ಬಿಡಿಸಿ ಹೆಂಡತಿಯ ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆ. ಪೋರ್ಟಿನ ಪಿನ್‌ಗಳ ಬುಡದಲ್ಲಿ ಹಸಿರು ನೀಲಿ ಬಣ್ಣ. ಕಾಫಿ, ಕರಿಮೆಣಸಿಗೆ ಬೋರ್ಡೋ ದ್ರಾವಣ ಹೊಡೆಯುವವರಿಗೆ ಗುರುತು ಹೇಳಬೇಕಾಗಿಲ್ಲ, ಮೈಲುತುತ್ತದ ಬಣ್ಣವೇ. ಅದೂ ತಾಮ್ರ, ಇದೂ ತಾಮ್ರ.

ಮೊದಲು ಇನ್ವರ್ಟರ್‌ಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಮೆತ್ತನೆ ಬ್ರಷ್ ಅದ್ದಿ ತಿಕ್ಕಿದೆ. ಉಪ್ಪು ಕರಗುವುದು ನೀರಲ್ಲಿ, ಆಲ್ಕೋಹಾಲಲ್ಲಿ ಅಷ್ಟಾಗಿ ಕರಗಲ್ಲ. ಇದು ಬಿಡಿಸಿ ತೆಗೆದ ಬೋರ್ಡಿಗೆ ಮಾತ್ರ, ಫೋನ್ ಒಳಗೆ ನೀರು ಹಾಕಬೇಡಿ ಮತ್ತೆ. ಆಸಿಡ್ ಬಾಟಲಿ ಅಲ್ಲ ಅಂತ ಎರಡು ಸಲ ನೋಡಿಕೊಳ್ಳಿ. ಆಮೇಲೆ ಐಪಿಎ ಹಾಕಿ ತಿಕ್ಕಿ, ಆ ನೀರನ್ನೆಲ್ಲ ಹೊರಗೆ ಹಾಕಿ, ಎರಡು ಗಂಟೆ ಫ್ಯಾನ್ ಕೆಳಗಿಟ್ಟೆ. ಜೋಡಿಸಿ ನೋಡಿದರೆ ಮತ್ತೆ 0.1!

ಆ ರಾತ್ರಿ ಬಿಟ್ಟೇಬಿಟ್ಟೆ. ಮರುದಿನ ಮತ್ತೆ ಬಿಚ್ಚಿದಾಗ ಕಂಡಿತು. ಚಾರ್ಜಿಂಗ್ ಬೋರ್ಡಿಂದ ಮೇಲಿನ ಮೇನ್ ಬೋರ್ಡಿಗೆ ಬ್ಯಾಟರಿ ಕೆಳಗಿಂದ ಹೋಗುವ ತೆಳು ಫ್ಲೆಕ್ಸ್ ಪಟ್ಟಿ ಇರುತ್ತೆ, ಅದು ಒತ್ತಿ ಕೂರಿಸುವ ಕನೆಕ್ಟರ್. ಒತ್ತಿದಾಗ ಮೇಲಿಂದ ಚೊಕ್ಕಟವಾಗಿ ಕಾಣುತ್ತೆ, ನಾನು ಒರೆಸಿಯೂ ಇರಲಿಲ್ಲ. ಎತ್ತಿ ತಿರುಗಿಸಿದರೆ ಒಳಗೆ ಬೂದಿಯ ಹಾಗೆ ಬಿಳಿ ಪುಡಿ. ನೀರು ಸಂದಿಗೆ ಹೋಗಿ ಕೂರುತ್ತೆ, ಗಾಳಿ ಆಡದ ಜಾಗ ಕೊನೆಗೆ ಒಣಗುತ್ತೆ, ಹಾಗಾಗಿ ಅಲ್ಲೇ ಜಾಸ್ತಿ ತಿನ್ನುತ್ತೆ. ಬ್ಯಾಟರಿ ಬಿಡಿಸಿಟ್ಟೇ ಮಲ್ಟಿಮೀಟರ್ ಹಿಡಿದು, ಚಾರ್ಜಿನ ದಾರಿಯಲ್ಲಿ ಈ ಬೋರ್ಡಿಂದ ಆ ಬೋರ್ಡಿನ ತನಕ ಕರೆಂಟಿಗೆ ಎಷ್ಟು ತಡೆ ಇದೆ ಅಂತ ಅಳೆದೆ. ಸೊನ್ನೆಗೆ ಹತ್ತಿರ ಇರಬೇಕಾಗಿದ್ದು 6 ಓಮ್ ತೋರಿಸಿತು, ಬೆರಳಲ್ಲಿ ಒತ್ತಿದರೆ ಆ ಸಂಖ್ಯೆ ಕುಣೀತಿತ್ತು.

6 ಓಮ್ ಅಂದರೆ ಏನು ಮಹಾ ಅನಿಸಬಹುದು. 1.5 ಆಂಪಿಯರ್ ಹೋಗುವ ದಾರಿಯಲ್ಲಿ ಬರೀ 1 ಓಮ್ ಇದ್ದರೂ 5 ವೋಲ್ಟಲ್ಲಿ ಒಂದೂವರೆ ವೋಲ್ಟ್ ಅಲ್ಲೇ ಖರ್ಚಾಗುತ್ತೆ, ಆ ಜಾಗ ಬಿಸಿಯೂ ಆಗುತ್ತೆ. ಬರುವ ವೋಲ್ಟೇಜ್ ಕುಸಿಯುತ್ತಿದೆ ಅಂತ ಕಂಡರೆ ಫೋನ್ ತಾನೇ ಕರೆಂಟ್ ಎಳೆಯುವುದನ್ನು ಕಡಿಮೆ ಮಾಡಿಕೊಳ್ಳುತ್ತೆ. ನನ್ನ 0.1 ಬಂದಿದ್ದು ಹಾಗೆ.

ಕನೆಕ್ಟರ್‌ನ ಎರಡೂ ಕಡೆ ಐಪಿಎ ಹಾಕಿ ನಾಲ್ಕು ಸಲ ತಿಕ್ಕಿದೆ. 0.2 ಓಮ್‌ಗೆ ಇಳಿಯಿತು. ಜೋಡಿಸಿ ಚಾರ್ಜಿಗೆ ಹಾಕಿದರೆ ಮೀಟರಲ್ಲಿ 1.4. ಆದರೆ ಒಂದು ಬದಿಗೆ ಮಾತ್ರ. ಇನ್ನೊಂದು ಬದಿಯ ಸಿಸಿ ಪಿನ್ ಅರ್ಧ ಕರಗಿಹೋಗಿತ್ತು. ಕೊಳೆ ತೆಗೆಯಬಹುದು, ತಿಂದುಹೋದ ಲೋಹ ಮತ್ತೆ ಬರಲ್ಲ. ವಾರದ ನಂತರ ಅದೇ ಹುಡುಗನ ಕೈಲಿ ಕುಶಾಲನಗರದಿಂದ ಹೊಸ ಚಾರ್ಜಿಂಗ್ ಬೋರ್ಡ್ ತರಿಸಿ ಹಾಕಿದೆ, 280 ರೂಪಾಯಿ.

ಹೋದ ತಿಂಗಳು ಪಕ್ಕದ ಮನೆಯ ಚಿಕ್ಕಪ್ಪನ ಫೋನ್ ಬಚ್ಚಲ ಬಕೆಟ್‌ಗೆ ಬಿತ್ತು. ಚಾರ್ಜಿಗೆ ಹಾಕಲು ಬಿಡಲಿಲ್ಲ ನಾನು. ಆಫ್ ಮಾಡಿ, ಸಿಮ್ ಟ್ರೇ ತೆಗೆದು, ಪೋರ್ಟ್ ಕೆಳಗೆ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ ನೀರಿಳಿಸಿದೆ. ಆಮೇಲೆ ಬಿಗಿ ಮುಚ್ಚಳದ ಡಬ್ಬದಲ್ಲಿ ಕಾಲು ಕೆಜಿ ಸಿಲಿಕಾ ಜೆಲ್ ಹಾಕಿ ಅದರೊಳಗೆ ಎರಡು ದಿನ ಇಟ್ಟೆ, ಯಾಕಂದರೆ ನಮ್ಮಲ್ಲಿ ಮಳೆಗಾಲದ ಫ್ಯಾನ್ ಗಾಳಿಯೇ ಒದ್ದೆ. ಬಿದ್ದಿದ್ದು ಬರೀ ಬಾವಿ ನೀರಿಗೆ, ಆದರೂ ಮೂರನೇ ದಿನ ಬಿಚ್ಚಿಸಿ ಆ ಫ್ಲೆಕ್ಸ್ ಕನೆಕ್ಟರ್ ಎತ್ತಿ ನೋಡಿದೆವು. ಒಂದು ಮೂಲೆಯಲ್ಲಿ ಬಿಳಿ ಚುಕ್ಕೆ ಅಷ್ಟೇ, ಒರೆಸಿದರೆ ಹೋಯಿತು.

ಚಿಕ್ಕಪ್ಪನಿಗೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ದಿನ ಫೋನಿಲ್ಲದೆ ಕಾಫಿ ರೇಟು ಕೇಳಲು ಆಗಲಿಲ್ಲವಂತೆ.