50 ಮಿಲಿಸೆಕೆಂಡಿನ ಕುದುರೆ: ಬಳ್ಳಾರಿಯಲ್ಲಿ ನಾನು ಮಾಡಿದ ಪ್ರೈಮಿಂಗ್ ಪ್ರಯೋಗ

ಒಂದು ಪದ ಕಂಡ ಕೂಡಲೇ ಅದಕ್ಕೆ ನಂಟಿರುವ ಇನ್ನೊಂದು ಪದವನ್ನು ಗುರುತಿಸುವುದು ಸುಲಭವಾಗುತ್ತದೆ; ಮೊದಲ ಪದ ಕೊಡುವ ಈ ನೆರವೇ ಪ್ರೈಮಿಂಗ್, ಆ ಮೊದಲ ಪದವೇ ಪ್ರೈಮ್. ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ಮನೋವಿಜ್ಞಾನ ಕಲಿಸುವ ನಾನು, ಎರಡು ಭಾಷೆಗಳ ಪದಗಳು ಮನಸ್ಸಿನಲ್ಲಿ ಒಂದೇ ಅರ್ಥವನ್ನು ಹಂಚಿಕೊಂಡಿರುತ್ತವೆಯೇ ಎಂದು ಪರೀಕ್ಷಿಸಲು ಹೊರಟಾಗ ಮೊದಲು ಯೋಚಿಸಿದ್ದು ಕನ್ನಡ–ತೆಲುಗು ಜೋಡಿಯನ್ನು. ಆದರೆ ಮನೆಯಲ್ಲಿ ತೆಲುಗು ಆಡುವ ನಮ್ಮ ವಿದ್ಯಾರ್ಥಿಗಳಲ್ಲಿ ಹಲವರಿಗೆ ತೆಲುಗು ಓದಲು ಬರುವುದಿಲ್ಲ. ಓದಬಲ್ಲವರ ವಿಷಯದಲ್ಲಿ ಎರಡು ಲಿಪಿಗಳ ಹೋಲಿಕೆಯೇ ತೊಡಕು, ಏಕೆಂದರೆ ಅಕ್ಷರದ ಆಕಾರದಿಂದ ಬಂದ ನೆರವು ಯಾವುದು, ಅರ್ಥದಿಂದ ಬಂದದ್ದು ಯಾವುದು ಎಂದು ಬೇರ್ಪಡಿಸಲಾಗದು. ಹೀಗಾಗಿ ಕನ್ನಡ–ಇಂಗ್ಲಿಷ್ ಜೋಡಿಯನ್ನು ಆರಿಸಿ, ಬಸ್ಸು, ಬ್ಯಾಂಕಿನಂತಹ ಎರವಲು ಪದಗಳನ್ನು ಪಟ್ಟಿಯಿಂದ ಹೊರಗಿಟ್ಟೆ.

ವಿಧಾನ ಹೀಗಿತ್ತು. ಪರದೆಯ ಮೇಲೆ ಅರ್ಧ ಸೆಕೆಂಡು ಗುರುತುಗಳ ಒಂದು ಮರೆ, ಬಳಿಕ 50 ಮಿಲಿಸೆಕೆಂಡು ಪ್ರೈಮ್ ಪದ, ಒಡನೆಯೇ ಉತ್ತರಿಸಬೇಕಾದ ಗುರಿಪದ. ಗುರಿಪದ ನಿಜವಾದ ಪದವೇ ಅಲ್ಲವೇ ಎಂದು ವಿದ್ಯಾರ್ಥಿ ಕೀಲಿ ಒತ್ತಿ ಹೇಳಬೇಕು. ಪರದೆ ಸೆಕೆಂಡಿಗೆ 60 ಬಾರಿ ಹೊಸದಾಗುವುದರಿಂದ 50 ಮಿಲಿಸೆಕೆಂಡು ಎಂದರೆ ಸರಿಯಾಗಿ 3 ಚೌಕಟ್ಟು. ಅಷ್ಟರಲ್ಲಿ ಪದ ಮೂಡಿ ಮರೆಯಾದದ್ದು ಸಾಮಾನ್ಯವಾಗಿ ಓದುಗನ ಅರಿವಿಗೆ ಬರುವುದಿಲ್ಲವಾದ್ದರಿಂದ, ಆತ ಬೇಕೆಂದೇ ಅನುವಾದ ಮಾಡಿಕೊಂಡ ಎಂಬ ಆಕ್ಷೇಪಕ್ಕೆ ಎಡೆಯಿಲ್ಲ.

ಇಲ್ಲಿ ಕನ್ನಡದಂತಹ ಲಿಪಿಗಳಲ್ಲಿ ಎದುರಾಗುವ ಒಂದು ತೊಂದರೆಯಿದೆ. ಸಾಮಾನ್ಯವಾಗಿ ಬಳಸುವ #### ಎಂಬ ಮರೆಯಾಗಲಿ, ಬಳಿಕ ಬರುವ ಇಂಗ್ಲಿಷ್ ಗುರಿಪದವಾಗಲಿ ಸಾಲಿನ ಕೆಳಗೆ ಇಳಿಯುವ ಒತ್ತಕ್ಷರವನ್ನು ಮುಚ್ಚುವುದಿಲ್ಲ. ಒತ್ತು ಮಾತ್ರ ಕಣ್ಣಿನಲ್ಲಿ ಉಳಿದು ಪ್ರೈಮ್ ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಕನ್ನಡ ಪ್ರೈಮ್‌ಗಳಿಗೆ ‘ಕುದುರೆ’ಯಂತಹ ಒತ್ತಿಲ್ಲದ ಪದಗಳನ್ನೇ ಆರಿಸಿದೆ. ಪ್ರಯೋಗ ಮುಗಿದ ಮೇಲೆ ಅದೇ ಸರಣಿಯನ್ನು ಮತ್ತೆ ತೋರಿಸಿ, ಮಿಂಚಿದ್ದು ಎರಡು ಪದಗಳಲ್ಲಿ ಯಾವುದೆಂದು ಕೇಳುತ್ತಿದ್ದೆ. ಉತ್ತರ ಅರ್ಧದಷ್ಟು ಸರಿಯಾದರೆ ಅದು ಬರೀ ಊಹೆ. ಅದಕ್ಕಿಂತ ಸ್ಪಷ್ಟವಾಗಿ ಮೇಲೇರಿದರೆ ಆ ವಿದ್ಯಾರ್ಥಿಗೆ ಪ್ರೈಮ್ ಕಾಣುತ್ತಿದೆ ಎಂದು ತಿಳಿಯಬೇಕು.

ತೆಲುಗನ್ನು ಕೈಬಿಟ್ಟರೂ ಅದು ನಮ್ಮನ್ನು ಬಿಡಲಿಲ್ಲ. ‘ಅಲ್ಲ’ ಎಂಬ ಉತ್ತರಕ್ಕೆ ಬೇಕಾದ ಹುಸಿಪದಗಳನ್ನು ಕನ್ನಡ ಪದದ ಒಂದು ಅಕ್ಷರ ಬದಲಿಸಿ ಮಾಡುವಾಗ ಹಲ್ಲಿಯಿಂದ ‘ಪಿಲ್ಲಿ’, ಬೆಟ್ಟದಿಂದ ‘ಪಿಟ್ಟ’ ಹುಟ್ಟುತ್ತವೆ. ತೆಲುಗಿನಲ್ಲಿ ಇವು ಬೆಕ್ಕು ಮತ್ತು ಹಕ್ಕಿ. ಇಂತಹವುಗಳನ್ನು ಬೇಕೆಂದೇ ಪ್ರತ್ಯೇಕ ಗುಂಪಾಗಿ ಉಳಿಸಿಕೊಂಡೆ. ಮನೆಯಲ್ಲಿ ತೆಲುಗು ಆಡುವವರು ಇವುಗಳಿಗೆ ‘ಅಲ್ಲ’ ಎನ್ನಲು ತಡವರಿಸಿದರು, ಕೆಲವೊಮ್ಮೆ ‘ಹೌದು’ ಎಂದೇ ಒತ್ತಿದರು; ಉಳಿದವರಿಗೆ ಅವು ಬೇರೆ ಹುಸಿಪದಗಳಂತೆಯೇ ಇದ್ದವು. ಕನ್ನಡವಷ್ಟೇ ಓದುತ್ತಿದ್ದೇವೆಂದು ಗೊತ್ತಿದ್ದರೂ, ಆ ಸದ್ದಿಗೆ ತೆಲುಗಿನ ಪದ ಓಗೊಡುವುದನ್ನು ತಡೆಯಲು ಅವರಿಗೆ ಆಗಲಿಲ್ಲ.

ಮುಖ್ಯ ಫಲಿತಾಂಶಕ್ಕೆ ಬರುತ್ತೇನೆ. ‘ಕುದುರೆ’ ಮಿಂಚಿದ ಮೇಲೆ ಇಂಗ್ಲಿಷಿನ ‘ಹಾರ್ಸ್’ ಬಂದರೆ, ಸಂಬಂಧವಿಲ್ಲದ ಪದ ಮಿಂಚಿದಾಗಿನದಕ್ಕಿಂತ ಉತ್ತರ ಬೇಗ ಬಂತು. ತಿರುಗುಮುರುಗು ಮಾಡಿದಾಗ, ಅಂದರೆ ‘ಹಾರ್ಸ್’ ಮಿಂಚಿ ‘ಕುದುರೆ’ ಬಂದಾಗ, ಎದ್ದು ಕಾಣುವ ಲಾಭವಿರಲಿಲ್ಲ. ಈ ಏಕಮುಖತೆ ಬೇರೆ ಭಾಷಾಜೋಡಿಗಳಲ್ಲೂ ಮತ್ತೆ ಮತ್ತೆ ಕಂಡಿದೆ. ಎರಡನೆಯ ಭಾಷೆಯ ಪದ ಅರ್ಥವನ್ನೇ ಮುಟ್ಟುವುದಿಲ್ಲ ಎಂದು ಇದರಿಂದ ತೀರ್ಮಾನಿಸುವುದು ಸುಲಭ, ಆದರೆ ಅವಸರದ್ದು. ಗ್ರೇಂಜರ್ ಮತ್ತು ಫ್ರೆಂಕ್-ಮೆಸ್ಟ್ರ್ 1998ರಲ್ಲಿ ಇಂಗ್ಲಿಷ್–ಫ್ರೆಂಚ್ ಬಲ್ಲವರಲ್ಲಿ, ಪದ ಹೌದೋ ಅಲ್ಲವೋ ಎನ್ನುವ ಬದಲು ಪದದ ಅರ್ಥ ಯಾವ ವರ್ಗಕ್ಕೆ ಸೇರಿದ್ದೆಂದು ಕೇಳಿದಾಗ, ಅನುವಾದದ ನೆರವು ಸ್ಪಷ್ಟವಾಗಿ ಕಾಣಿಸಿತ್ತು.

ನಾನೂ ಪ್ರಶ್ನೆಯನ್ನು ‘ಇದು ಪ್ರಾಣಿಯೇ?’ ಎಂದು ಬದಲಿಸಿದೆ. ಇಲ್ಲಿ ಹೋಲಿಕೆಯ ಪ್ರೈಮ್ ‘ಟೇಬಲ್’ ಆಗಕೂಡದು, ‘ಟೈಗರ್’ ಆಗಬೇಕು. ಇಲ್ಲದಿದ್ದರೆ ‘ಹಾರ್ಸ್’ ಕೂಡ ಪ್ರಾಣಿ ಎಂಬ ಒಂದೇ ಕಾರಣಕ್ಕೆ ಬೆರಳು ‘ಹೌದು’ ಕಡೆಗೆ ಮೊದಲೇ ವಾಲಿರುತ್ತದೆ, ಅದನ್ನು ನಾವು ಅನುವಾದದ ಫಲವೆಂದು ಬಗೆಯುತ್ತೇವೆ. ‘ಟೈಗರ್’ಗೆ ಹೋಲಿಸಿದರೂ ‘ಹಾರ್ಸ್’ ಮಿಂಚಿದಾಗ ‘ಕುದುರೆ’ಗೆ ಉತ್ತರ ಬೇಗ ಬಂತು.

ಇದಕ್ಕೆ 2004ರಲ್ಲಿ ಫಿಂಕ್‌ಬೈನರ್ ಮತ್ತು ಸಂಗಡಿಗರು ಕೊಟ್ಟ ವಿವರಣೆ ನನಗೆ ಒಪ್ಪುವಂತಿದೆ. ತಾಯ್ನುಡಿಯ ಪದಕ್ಕೆ ಹಲವು ಅರ್ಥಛಾಯೆಗಳಿರುತ್ತವೆ; ಕಲಿತ ಭಾಷೆಯ ಪದಕ್ಕೆ ಕೆಲವೇ. ‘ತಲೆ’ ಎಂದರೆ ನಮಗೆ ದೇಹದ ಭಾಗ, ಬುದ್ಧಿ, ಪೀಳಿಗೆ ಎಲ್ಲವೂ ಹೌದು, ಆದರೆ ‘ಹೆಡ್’ ವಿದ್ಯಾರ್ಥಿಗೆ ದೇಹದ ಭಾಗವನ್ನಷ್ಟೇ ಎಬ್ಬಿಸಬಹುದು. ‘ಹೆಡ್’ ಮಿಂಚಿ ‘ತಲೆ’ ಬಂದಾಗ ಗುರಿಪದದ ಅರ್ಥರಾಶಿಯಲ್ಲಿ ಸ್ವಲ್ಪವೇ ಮೊದಲು ಎಚ್ಚರಗೊಂಡಿರುತ್ತದೆ. ‘ದೇಹದ ಭಾಗವೇ?’ ಎಂಬ ಪ್ರಶ್ನೆ ಬೇಡದ ಛಾಯೆಗಳನ್ನು ಬದಿಗೆ ಸರಿಸುವುದರಿಂದ ಆ ಸ್ವಲ್ಪವೇ ಸಾಕಾಗುತ್ತದೆ. ಹಾಗಾಗಿ ಈ ಪ್ರಯೋಗ ತೋರಿಸುವುದು ಅರ್ಥದ ಒಂದು ಪಾಲು ಹಂಚಿಕೆಯಾಗಿದೆ ಎಂದಷ್ಟೇ. ಎರಡು ಪದಗಳ ಅರ್ಥ ಪೂರ್ತಿ ಒಂದೇ ಎಂದಲ್ಲ.

ತೆಲುಗು ಓದಲಾರದವರಿಗೆ ಪ್ರೈಮನ್ನು ಕಿವಿಗೆ ಕೇಳಿಸಿ ಈಗ ಇದೇ ಪ್ರಶ್ನೆ ಕೇಳುತ್ತಿದ್ದೇನೆ. ಆದರೆ ಕೇಳಿಸಿದ ಪದವನ್ನು ನಾನು ಹೀಗೆ ಮರೆಮಾಡುತ್ತಿಲ್ಲ, ಕೇಳಿದವರು ಬೇಕೆಂದೇ ಅನುವಾದಿಸಿಕೊಳ್ಳಬಹುದು. ಆ ಫಲಿತಾಂಶಗಳನ್ನು ಇವುಗಳ ಪಕ್ಕದಲ್ಲಿಟ್ಟು ಹೋಲಿಸುವುದಿಲ್ಲ.