ಕೇಳೋರೇ ಇಲ್ಲದ ಮನೆಯ ಪೋಸ್ಟರ್: ಅಡಿಬರಹ ಬರೆದ ನನ್ನ ಅನುಭವ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿರುವ ನಮ್ಮ ಫ್ಲೆಕ್ಸ್ ಅಂಗಡಿಗೆ ಎರಡು ವರ್ಷಗಳ ಹಿಂದೆ ಒಂದು ಸಾಂಸಾರಿಕ ಹಾಸ್ಯಚಿತ್ರದ ಪೋಸ್ಟರ್ ಕೆಲಸ ಬಂದಿತ್ತು. ತಿಪಟೂರು ಕಡೆಯ ತೆಂಗಿನ ತೋಟದ ಮನೆ. ಕಿವಿ ಕೇಳದ ತಾತನ ಎದುರಿನಲ್ಲೇ ಮಕ್ಕಳು, ಸೊಸೆಯಂದಿರು ಆಸ್ತಿಯ ಲೆಕ್ಕ ಹಾಕುತ್ತಾರೆ. ಮಧ್ಯಂತರದ ಹೊತ್ತಿಗೆ ತಾತನಿಗೆ ಎಲ್ಲವೂ ಕೇಳಿಸುತ್ತಿತ್ತು ಎಂಬುದು ಬಯಲಾಗುತ್ತದೆ. ಚಿತ್ರ ಬಿಡುಗಡೆಯಾಗಿ ಹೋಗಿರುವುದರಿಂದ ಈ ಗುಟ್ಟನ್ನು ಈಗ ಹೇಳಬಹುದು. ಆಗ ನನಗೆ ಒಪ್ಪಿಸಿದ್ದ ಕೆಲಸವೆಂದರೆ, ಈ ಒಂದು ಸಂಗತಿಯನ್ನು ಬಿಟ್ಟುಕೊಡದೆ ಅಡಿಬರಹ ಬರೆಯುವುದು.

ನನ್ನ ಮೊದಲ ಸಾಲು ‘ಕಿವುಡನ ಮುಂದೆ ಗುಟ್ಟು ಹೇಳಬೇಡಿ’ ಎಂದಿತ್ತು. ಎಲ್ಲರೂ ಮೆಚ್ಚಿಕೊಂಡರು. ಚಿತ್ರದ ಬಗ್ಗೆ ಏನೂ ತಿಳಿಯದ ಹತ್ತು ಮಂದಿಗೆ ತೋರಿಸಿದಾಗ ಆರೋ ಏಳೋ ಮಂದಿ, ‘ತಾತನಿಗೆ ಕೇಳಿಸುತ್ತೆ ಬಿಡಿ’ ಎಂದುಬಿಟ್ಟರು. ಬೇಡ ಎಂದು ಎಚ್ಚರಿಸಿದ ಕೂಡಲೇ ಮುಂದೆ ಏನೋ ಅನಾಹುತ ಕಾದಿದೆ ಎಂದು ಓದುಗ ಊಹಿಸುತ್ತಾನೆ. ಎರಡನೆಯದು ‘ಎಲ್ಲರೂ ಮಾತಾಡಿದರು, ಒಬ್ಬ ಕೇಳಿಸಿಕೊಂಡ’. ಇದರಲ್ಲಿ ‘ಒಬ್ಬ’ ಎಂಬ ಪದವೇ ದ್ರೋಹ ಬಗೆಯಿತು. ಪೋಸ್ಟರ್‌ನಲ್ಲಿ ಎಂಟು ಮುಖಗಳಿದ್ದರೆ ಆ ಒಬ್ಬ ಯಾರೆಂದು ಜನರ ಕಣ್ಣು ತಾನಾಗಿ ಹುಡುಕತೊಡಗುತ್ತದೆ. ಮೂರನೆಯದರಲ್ಲಿ ಆಸ್ತಿ, ಪಾಲು, ನಗು ಎಂದೆಲ್ಲ ಪ್ರಾಸ ಕಟ್ಟಿದ್ದೆ. ಅದು ಯಾವ ಗುಟ್ಟನ್ನೂ ಬಿಡಲಿಲ್ಲ, ಆದರೆ ಪಾಲುಪಟ್ಟಿಯ ಯಾವ ಚಿತ್ರಕ್ಕೆ ಅಂಟಿಸಿದರೂ ನಡೆಯುವಂತಿತ್ತು.

ಹಿಂಜರಿದು ಕುಳಿತಿದ್ದಾಗ, ಪಕ್ಕದ ಅಂಗಡಿಯ ಅಜ್ಜಿಯೊಬ್ಬರು ಮೊಮ್ಮಕ್ಕಳ ಗಲಾಟೆಗೆ ರೇಗಿ, ‘ಈ ಮನೇಲಿ ಕೇಳೋರೇ ಇಲ್ಲ!’ ಎಂದು ಕೂಗಿದ್ದು ಕಿವಿಗೆ ಬಿತ್ತು. ಅದನ್ನೇ ಅಡಿಬರಹ ಮಾಡಿದೆ. ಹೇಳುವವರು ಕೇಳುವವರು ಇಲ್ಲದ ಮನೆ ಎಂಬ ಅರ್ಥವನ್ನು ದಾರಿಹೋಕ ಮೊದಲು ಹಿಡಿಯುತ್ತಾನೆ. ತಾತ ಕಿವುಡ ಎಂಬುದು ಮೊದಲ ಇಪ್ಪತ್ತು ನಿಮಿಷದಲ್ಲೇ ತಿಳಿಯುವ ಸಂಗತಿಯಾದ್ದರಿಂದ ಕಿವಿಯಿಂದ ಕೇಳಿಸಿಕೊಳ್ಳುವವರಿಲ್ಲ ಎಂಬ ಎರಡನೆಯ ಅರ್ಥವೂ ನಿರಪಾಯಕಾರಿ. ಚಿತ್ರ ನೋಡಿ ಹೊರಬಂದವನಿಗೆ ಮಾತ್ರ ಆ ಸಾಲು ಹಸಿ ಸುಳ್ಳೆಂದು ತಿಳಿದು ನಗು ಬರುತ್ತದೆ. ನಿರ್ದೇಶಕರು ಇದನ್ನೇ ಹಿಡಿದು, ‘ಸಾರ್, ಜನಕ್ಕೆ ಸುಳ್ಳು ಹೇಳಿದ ಹಾಗಾಗಲ್ವಾ?’ ಎಂದರು. ಮನೆಯವರೆಲ್ಲ ನಂಬಿರುವುದನ್ನೇ ಪೋಸ್ಟರ್ ಹೇಳುತ್ತಿದೆ, ಆದ್ದರಿಂದ ಅದು ಮನೆಯವರ ಸುಳ್ಳೇ ಹೊರತು ನಮ್ಮದಲ್ಲ ಎಂದು ವಾದಿಸಿದೆ. ಅವರು ಪೂರ್ತಿ ಒಪ್ಪಲಿಲ್ಲ.

ನಿರ್ಮಾಪಕರು ಭಾಷೆಯನ್ನು ತಿದ್ದಿಸಿ ‘ಈ ಮನೆಯಲ್ಲಿ ಕೇಳುವವರೇ ಇಲ್ಲ’ ಎಂದು ಅಚ್ಚುಕಟ್ಟಾಗಿ ಮಾಡಿಸಿದರು. ಹಾಗೆ ಬರೆದಾಗ ಅದು ಮುದುಕರನ್ನು ಕೈಬಿಟ್ಟ ಮಕ್ಕಳ ಗೋಳಿನ ಕಥೆಯಂತೆ ಓದಿಸಿಕೊಂಡಿತು. ಮರುದಿನ ಅವರೇ ಬಂದು, ‘ಏನ್ ಸ್ವಾಮಿ, ದುಡ್ಡು ಕೊಟ್ಟು ಅಳೋ ಪಿಚ್ಚರ್ ಅಂತ ಅನ್ನಿಸ್ಕೊಬೇಕಾ?’ ಎಂದು ನನ್ನ ಮೇಲೆಯೇ ರೇಗಿದರು. ಆಡುಮಾತಿನ ರೂಪ ಮತ್ತು ಉದ್ಗಾರ ಚಿಹ್ನೆ ವಾಪಸ್ಸು ಬಂದವು.

ಆದರೆ ದುಡ್ಡು ಕಳೆದದ್ದು ಇದರಲ್ಲಲ್ಲ. ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಡಿಸೈನರ್ ಹುಡುಗ ಉದ್ಗಾರ ಚಿಹ್ನೆಯನ್ನು ಪ್ರಶ್ನಾರ್ಥಕವಾಗಿಸಿದ್ದಲ್ಲದೆ, ಕಣ್ಣು ಹೊಡೆಯುತ್ತಿರುವ ತಾತನ ಫೋಟೊ ಹಾಕಿಬಿಟ್ಟಿದ್ದ. ‘ಕೇಳೋರೇ ಇಲ್ಲ?’ ಎಂದರೆ ಕೇಳುವವನೊಬ್ಬ ಇದ್ದಾನೆ ಎಂದೇ ಅರ್ಥ. ಅದರ ಪಕ್ಕದಲ್ಲಿ ಮಿಟುಕಿದ ಕಣ್ಣು ಅವನು ಯಾರೆಂಬುದನ್ನೂ ಹೇಳಿಬಿಟ್ಟಿತು. ಸುಮಾರು 1,000 ಸಿಂಗಲ್ ಶೀಟ್ ಪೋಸ್ಟರ್‌ಗಳು ರದ್ದಿಗೆ ಹೋದವು. ನೆನಪಿನ ಲೆಕ್ಕದಲ್ಲಿ 15–16 ಸಾವಿರ ರೂಪಾಯಿ ನಷ್ಟ, ಅದರಲ್ಲಿ ಅರ್ಧ ನನ್ನ ತಲೆಗೆ ಬಂತು. ಅಂದಿನಿಂದ ಬರಿಯ ಸಾಲನ್ನು ತೋರಿಸಿ ಅಭಿಪ್ರಾಯ ಕೇಳುವುದನ್ನು ಬಿಟ್ಟಿದ್ದೇನೆ. ಚಿತ್ರ, ಚಿಹ್ನೆ, ಬಣ್ಣ ಎಲ್ಲ ಕೂಡಿದ ಮೇಲೆಯೇ ಹತ್ತು ಮಂದಿಗೆ ತೋರಿಸುತ್ತೇನೆ. ಇಬ್ಬರಿಗಿಂತ ಹೆಚ್ಚು ಜನ ತಿರುವನ್ನು ಊಹಿಸಿದರೆ ಪೋಸ್ಟರ್ ಕಸದ ಬುಟ್ಟಿಗೆ. ಅವರಿಗೆ ಯಾವ ಪ್ರಶ್ನೆ ಕೇಳುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದರಿಂದಲೇ ನನ್ನ ಅಂಗಡಿ ನಡೆಯುತ್ತಿದೆ.

ಒಂದು ಪ್ರಯೋಗವನ್ನೂ ಮಾಡಿದೆ. ಕೋಲಾರದ ಕಡೆ ತೆಲುಗು ಮನೆಮಾತಿನವರು ಬಹಳವಾದ್ದರಿಂದ, ಮುಳಬಾಗಿಲಿನ ಸ್ನೇಹಿತರಿಗೆ ಆ ಸಾಲನ್ನು ಓದಿಸಿ, ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ವಿಚಾರಿಸಿದೆ. ತೆಲುಗಿನಲ್ಲಿ ಪ್ರಶ್ನಿಸುವುದಕ್ಕೆ ‘ಅಡುಗು’, ಕಿವಿಯಿಂದ ಕೇಳುವುದಕ್ಕೆ ‘ವಿನು’. ಅವರೆಲ್ಲರೂ ಮೊದಲನೆಯದನ್ನೇ ಆರಿಸಿದರು. ಗುಟ್ಟು ಭದ್ರವಾಗಿಯೇ ಉಳಿಯಿತು, ಆದರೆ ಚಮತ್ಕಾರ ಅರ್ಧಕ್ಕರ್ಧ ಸೋರಿಹೋಯಿತು.

ಬಿಡುಗಡೆಯಾದ ಮೊದಲ ಶನಿವಾರ ಚಿತ್ರಮಂದಿರದ ಬಾಗಿಲಲ್ಲಿ ನಿಂತಿದ್ದೆ. ಹೊರಬಂದ ಒಂದು ಸಂಸಾರ ಪೋಸ್ಟರ್ ಮುಂದೆ ನಿಂತು, ಸಾಲನ್ನು ಮತ್ತೆ ಗಟ್ಟಿಯಾಗಿ ಓದಿ ನಕ್ಕಿತು. ನಿರ್ದೇಶಕರನ್ನು ತಿವಿದು ತೋರಿಸಿದೆ. ಅಡಿಬರಹಕ್ಕೆ ಮಾತಾಡಿದ್ದು 8 ಸಾವಿರ, ಕೈಗೆ ಬಂದದ್ದು 5. ಉಳಿದದ್ದಕ್ಕಾಗಿ ಫೋನ್ ಮಾಡಿದಾಗಲೆಲ್ಲ ನಿರ್ಮಾಪಕರಿಗೆ ನನ್ನ ಮಾತು ಸರಿಯಾಗಿ ಕೇಳಿಸುವುದಿಲ್ಲ.