ಎರೆಮಣ್ಣಿನಲ್ಲಿ ಇಂಗುಗುಂಡಿ: ನನ್ನ ಅನುಭವ

ಹಿರಿಯೂರು ತಾಲೂಕಿನ ನಮ್ಮೂರಲ್ಲಿ ಮನೆ ಕಟ್ಟಿದಾಗ ಮೇಸ್ತ್ರಿ ನಾಲ್ಕಡಿ ಅಗಲ, ಐದಡಿ ಆಳದ ಇಂಗುಗುಂಡಿ ತೋಡಿಸಿದ್ದರು. "ಎಲ್ಲರ ಮನೇಲೂ ಇಷ್ಟೇ ಸಾರ್" ಅಂದರು. ಎರಡನೇ ಮಳೆಗಾಲಕ್ಕೇ ಕಕ್ಕಸಿನ ನೀರು ಗುಡುಗುಡು ಅಂತ ಹಿಂದಕ್ಕೆ ಬಂತು.

ಹೊಸದಾಗಿ ಮಾಡಿಸುವಾಗ ಮೊದಲು ಜನ ಎಣಿಸಿದೆ. ಮನೆಯಲ್ಲಿ ಎಂಟು ಜನ. ತೇರಿಗೆ ಇಪ್ಪತ್ತಾಗುತ್ತಾರೆ, ಆದರೆ ಅದು ಎರಡು ದಿನದ ಮಾತು. ಹಾಗಾಗಿ ಗುಂಡಿಗೆ ಮುಂಚೆ ಹೂಳು ತಂಗಲು ಕಟ್ಟುವ ಸೆಪ್ಟಿಕ್ ಟ್ಯಾಂಕ್ ಹತ್ತು ಜನರ ಲೆಕ್ಕದ್ದು ಸಾಕು ಅಂದುಕೊಂಡೆ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನದಂಡವಾದ ಐಎಸ್ 2470ರ ಪ್ರಕಾರ ಹತ್ತು ಜನಕ್ಕೆ ಒಳ ಅಳತೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, ನೀರಿನ ಆಳ 1.4 ಮೀಟರ್. ಅಂದರೆ ಸುಮಾರು 2,500 ಲೀಟರ್. ನೀರಿನ ಮೇಲೆ ಒಂದಡಿ ಖಾಲಿ ಜಾಗ ಬೇರೆ ಬಿಡಬೇಕು. ಬಚ್ಚಲ ನೀರನ್ನು ಇದಕ್ಕೆ ಬಿಡಲಿಲ್ಲ, ತೆಂಗಿನ ಗಿಡಕ್ಕೆ ತಿರುಗಿಸಿದೆ. ಅದೂ ಸೇರಿದರೆ ಟ್ಯಾಂಕಿನಲ್ಲಿ ಹೂಳು ಕೆಳಗೆ ಕೂರಲು ಹೊತ್ತೇ ಸಿಗುವುದಿಲ್ಲ.

ಟ್ಯಾಂಕಿನಿಂದ ಹೊರಬರುವ ನೀರು ಇಂಗುವ ಗುಂಡಿಗೆ ಮಾತ್ರ ಬರೀ ತಲೆ ಎಣಿಸಿದರೆ ಆಗದು, ಮಣ್ಣನ್ನೂ ಕೇಳಬೇಕು. ಒಂದಡಿ ಚೌಕದ ಕುಣಿ ತೋಡಿ, ಸಂಜೆ ನೀರು ತುಂಬಿಸಿ ರಾತ್ರಿಯೆಲ್ಲ ನೆನೆಸಿದೆ. ಬೆಳಗ್ಗೆ ಮತ್ತೆ ಅರ್ಧ ಅಡಿ ನೀರು ಹಾಕಿ, ಕಡ್ಡಿಗೆ ಗುರುತು ಮಾಡಿ ಗಡಿಯಾರ ನೋಡುತ್ತಾ ಕೂತೆ. ಎರೆಮಣ್ಣಲ್ಲಿ ಒಂದು ಗಂಟೆಯಾದರೂ ನೀರು 5 ಮಿಲಿಮೀಟರ್ ಇಳಿಯಲಿಲ್ಲ. ಹಳೇ ಗುಂಡಿ ಯಾಕೆ ಸೋತಿತು ಅಂತ ಆಗ ತಿಳಿಯಿತು. ನಾಲ್ಕಡಿ ಎರೆಮಣ್ಣು ದಾಟಿದರೆ ಕೆಳಗೆ ಗರಸು. ಅಲ್ಲಿ ಅದೇ ಪರೀಕ್ಷೆ ಮಾಡಿದಾಗ 25 ಮಿಲಿಮೀಟರ್ ಇಳಿಯಲು ಹಿಡಿದದ್ದು 16 ನಿಮಿಷ.

ಲೆಕ್ಕ ಸುಲಭ. ಅದೇ ಐಎಸ್ 2470ರ ಸೂತ್ರದಂತೆ 204ನ್ನು ಆ ನಿಮಿಷದ ವರ್ಗಮೂಲದಿಂದ, ಅಂದರೆ ನಾಲ್ಕರಿಂದ, ಭಾಗಿಸಿದರೆ 51. ಒಂದು ಚದರ ಮೀಟರ್ ಗರಸು ದಿನಕ್ಕೆ 51 ಲೀಟರ್ ಕುಡಿಯುತ್ತದೆ. ತಲೆಗೆ 40 ಲೀಟರ್ ಹಿಡಿದರೆ ಎಂಟು ಜನಕ್ಕೆ 320 ಲೀಟರ್. ಬೇಕಾದ ಗೋಡೆ ಸುಮಾರು 6.3 ಚದರ ಮೀಟರ್. ತಳವನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ, ಅದು ಬೇಗ ಕಟ್ಟಿಕೊಳ್ಳುತ್ತದೆ. ಐದಡಿ ಅಗಲದ ದುಂಡು ಗುಂಡಿಯಾದರೆ ಗರಸಿನೊಳಗೆ ನಾಲ್ಕೂವರೆ ಅಡಿ ಇಳಿಯಬೇಕು. ನಾನು ಐದಡಿ ಇಳಿಸಿದೆ, ಒಟ್ಟು ಒಂಬತ್ತು. ಮೇಲಿನ ಎರೆಮಣ್ಣಿನ ಭಾಗಕ್ಕೆ ಸಿಮೆಂಟು ಹಾಕಿ ಕಟ್ಟಿದೆವು, ಕೆಳಗೆ ಸಿಮೆಂಟಿಲ್ಲದೆ ಸಂದು ಬಿಟ್ಟು ಕಲ್ಲು ಜೋಡಿಸಿದೆವು. ಬೋರ್‌ವೆಲ್‌ನಿಂದ ಅರವತ್ತಡಿ ದೂರ ಇಟ್ಟೆ. ಮಳೆಗಾಲದಲ್ಲಿ ಅಂತರ್ಜಲ ಗುಂಡಿಯ ತಳಕ್ಕೇ ಬರುವ ಕಾಲುವೆ ಪಕ್ಕದ ಜಾಗಗಳಲ್ಲಿ ಈ ಲೆಕ್ಕ ನಡೆಯದು.

ಈಗ ಕಕ್ಕಸು ನಿಧಾನವಾಗಿ ಇಳಿದರೆ ಸುಮ್ನೆ ಹೂಳು ಎತ್ತುವ ಗಾಡಿ ಕರೆಸುವುದಿಲ್ಲ. ಮೊದಲು ಗುಂಡಿಯ ಮುಚ್ಚಳ ತೆಗೆಸುತ್ತೇನೆ, ಮೂಗು ದೂರ ಇಟ್ಟು. ನೀರು ಒಳಬರುವ ಪೈಪಿಗಿಂತ ಮೇಲೆ ನಿಂತಿದ್ದರೆ ಗುಂಡಿ ಸೋತಿದೆ. ಗುಂಡಿಯಲ್ಲಿ ನೀರು ತಗ್ಗಿದ್ದು ಟ್ಯಾಂಕ್ ಮಾತ್ರ ತುಂಬಿದ್ದರೆ, ಕಟ್ಟಿಕೊಂಡಿರುವುದು ನಡುವಿನ ಪೈಪು.